ಮಷೀನು ಹಿಡಿದುಕೊಟ್ಟ ಹುಡುಗಿ

ಆ ಮನುಷ್ಯನ ಬಾಯಿ ಒಂದು ದಿನ ಕಟ್ಟಬೇಕು, ಅದನ್ನು ನಾನು ಎದುರಿಗೇ ಕೂತು ಕಣ್ತುಂಬ ನೋಡಬೇಕು ಎಂದು ಬಹಳ ವರ್ಷ ಆಸೆಪಟ್ಟವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಸೇಡು ಇಟ್ಟುಕೊಂಡರೆ ನಿದ್ದೆ ಬರುವುದಿಲ್ಲ ಎಂದು ಟಿ.ವಿ.ಯಲ್ಲಿ ಸ್ವಾಮಿಗಳು ಹೇಳುತ್ತಿರುತ್ತಾರೆ. ನನಗೆ ಚೆನ್ನಾಗಿಯೇ ನಿದ್ದೆ ಬರುತ್ತಿತ್ತು.

ನಾನು ಹುಟ್ಟಿ ಬೆಳೆದದ್ದು ತೆಲಂಗಾಣದ ಗಡಿಯ ನಾರಾಯಣಪೇಟೆಯಲ್ಲಿ. ಅಪ್ಪ ಅವ್ವ ಇಬ್ಬರೂ ಮಗ್ಗದವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಕಿರಾಣಿ ಅಂಗಡಿಯಲ್ಲಿ ಉರ್ದು, ಯಾವುದೂ ಕಷ್ಟ ಅನಿಸಲಿಲ್ಲ. ಇಂಗ್ಲಿಷ್ ಮಾತ್ರ ಯಾರ ಬಾಯಿಂದಲೂ ಕೇಳಿ ಕಲಿತದ್ದಲ್ಲ. ಲೈಬ್ರರಿಯ ಪುಸ್ತಕ ಓದಿ ಓದಿ ಕೈಗೆ ಹತ್ತಿಸಿಕೊಂಡದ್ದು. ಹಾಗಾಗಿ ಬರೆಯಲು ಬರುತ್ತಿತ್ತು, ಮಾತಾಡಲು ನಾಲಿಗೆ ಏಳುತ್ತಿರಲಿಲ್ಲ. ಎಂ.ಎ.ಗೆ ಸೇರಿದಾಗ ಆ ಮನುಷ್ಯ ನಮ್ಮ ವಿಭಾಗದ ಮುಖ್ಯಸ್ಥರು. ನಾನು ತಿಂಗಳುಗಟ್ಟಲೆ ಕೂತು ಬರೆದ ಪ್ರಬಂಧವನ್ನು ಒಂದು ಮೂಲೆಯಲ್ಲಿ ಹಿಡಿದು, ಒದ್ದೆ ಬಟ್ಟೆ ಎತ್ತಿದ ಹಾಗೆ ಎತ್ತಿ ಕ್ಲಾಸಿಗೆಲ್ಲ ತೋರಿಸಿದರು. ಯಾವ ಅಂಗಡಿಯಲ್ಲಿ ಕೊಂಡೆ ಎಂದು ಕೇಳಿದರು. ನಾರಾಯಣಪೇಟೆಯಲ್ಲಿ ಸೀರೆ ನೇಯುತ್ತಾರೆ, ಇಂಥ ಇಂಗ್ಲಿಷ್ ನೇಯುವುದಿಲ್ಲ ಎಂದರು. ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೇ ಬರೆದೆ ಎಂದು ಹೇಳಲು ಎದ್ದು ನಿಂತೆ, ಇಂಗ್ಲಿಷಿನಲ್ಲಿ ಅಷ್ಟನ್ನೂ ಹೇಳಲಾಗದೆ ಕೂತೆ. ಪಾಸಾಗುವಷ್ಟು ಅಂಕ ಹಾಕಿದರು, ಅದೂ ದೊಡ್ಡ ಮನಸ್ಸು ಮಾಡಿದ ಹಾಗೆ.

ಅವರೂ ಕೃಷ್ಣಾ ದಂಡೆಯ ಹಳ್ಳಿಯವರು, ಅವರ ಮನೆಯ ಮಾತೂ ಕನ್ನಡವೇ ಎಂದು ನನಗೆ ಆಮೇಲೆ ಗೊತ್ತಾಯಿತು. ಆವತ್ತಿನಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಈಗ ನಾನು ಮಕ್ತಲ್‌ನಲ್ಲಿ ಸಂಸಾರ ಮಾಡಿಕೊಂಡು ಗದ್ವಾಲದ ಒಂದು ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ದಿನಾ ಕೃಷ್ಣೆಯ ಜೂರಾಲ ಡ್ಯಾಮಿನ ಮೇಲೆ ಬಸ್ಸಿನಲ್ಲಿ ಓಡಾಟ. ನಮ್ಮದು ಸ್ವಾಯತ್ತ ಕಾಲೇಜು, ಪರೀಕ್ಷೆಯ ನಿಯಮ ನಾವೇ ಮಾಡಿಕೊಳ್ಳಬಹುದು. ಮಕ್ಕಳ ಕೈಗೆ ಬರೆದುಕೊಡುವ ಮಷೀನು ಬಂದ ಮೇಲೆ ಹಳೆಯ ನಿಯಮ ಯಾವುದೂ ಸಾಲದಾಯಿತು. ಫೋನಿನಲ್ಲಿ ಪ್ರಶ್ನೆ ಹಾಕಿದರೆ ಚಹಾ ಕುದಿಯುವುದರೊಳಗೆ ಪ್ರಬಂಧ ಕೈಯಲ್ಲಿ. ಒಬ್ಬ ಮಹಾನುಭಾವ, 'ನೀವು ಕೇಳಿದ ಪ್ರಬಂಧ ಇಲ್ಲಿದೆ, ಇನ್ನೂ ಸರಳವಾಗಿ ಬೇಕೇ?' ಎಂದು ಮಷೀನು ಕೇಳಿದ್ದನ್ನೂ ಸೇರಿಸಿ ಪ್ರಿಂಟ್ ತೆಗೆಸಿ ಕೊಟ್ಟಿದ್ದ. ಕಳ್ಳರಿಲ್ಲ ಎಂದು ನಾನು ಹೇಳುತ್ತಿಲ್ಲ. ಬೇಕಾದಷ್ಟು ಜನ ಇದ್ದಾರೆ, ಅವರ ಮೇಲೆ ನನಗೇನೂ ಕನಿಕರ ಇಲ್ಲ.

ಆದ್ದರಿಂದ ಮೌಲ್ಯಮಾಪನಕ್ಕೆ ಹೊಸ ನೀತಿ ಬರೆಯಲು ಪ್ರಿನ್ಸಿಪಾಲರು ನನ್ನನ್ನೂ ಸೇರಿಸಿ ಒಂದು ಕಮಿಟಿ ಮಾಡಿದರು. ಅಧ್ಯಕ್ಷರಾಗಿ ಹೊರಗಿನ ದೊಡ್ಡವರೊಬ್ಬರನ್ನು ಕರೆಸಿದರು. ಶಾಲು ಹೊದ್ದು, ಹಾರ ಹಾಕಿಸಿಕೊಂಡು ಕೂತವರು ಬೇರೆ ಯಾರೂ ಅಲ್ಲ, ನಿವೃತ್ತಿಯಾದ ಅದೇ ಮನುಷ್ಯ. ನನ್ನನ್ನು ಪರಿಚಯಿಸಿದಾಗ ತಲೆಯಾಡಿಸಿದರು. ನೆನಪೇ ಇರಲಿಲ್ಲ. ನಾನು ಇಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದದ್ದು ಅವರ ತಲೆಯಲ್ಲಿ ಒಂದು ದಿನವೂ ಉಳಿದಿರಲಿಲ್ಲ ಎನ್ನುವುದು ನನ್ನ ಹೊಟ್ಟೆ ಉರಿಸಿತು.

ಅವರು ತಂದ ನೀತಿಯ ಕರಡು ನೋಡಲು ಬಹಳ ಚೆಂದವಾಗಿತ್ತು. ಅದರ ತಿರುಳು ಇಷ್ಟು: ಮಕ್ಕಳು ಬರೆದುಕೊಟ್ಟದ್ದನ್ನೆಲ್ಲ ಪತ್ತೆಹಚ್ಚುವ ಸಾಫ್ಟ್‌ವೇರಿಗೆ ಹಾಕಬೇಕು. ಅರ್ಧಕ್ಕಿಂತ ಹೆಚ್ಚು ಮಷೀನಿನ ಬರಹ ಎಂದು ಅದು ಹೇಳಿದರೆ ಸೊನ್ನೆ. ಮೇಲ್ಮನವಿ ಇಲ್ಲ. ನೀತಿ ಇನ್ನೂ ಪಾಸಾಗಿರಲಿಲ್ಲ, ಅಷ್ಟರಲ್ಲೇ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟುಗಳನ್ನು ಅದಕ್ಕೆ ಹಾಕಿಸಿಬಿಟ್ಟರು. ನನ್ನ ಕ್ಲಾಸಿನ ಒಬ್ಬ ಹುಡುಗಿ ಸಿಕ್ಕಿಬಿದ್ದಳು.

ಹುಡುಗಿ ಕೆ.ಟಿ. ದೊಡ್ಡಿ ಕಡೆಯವಳು. ನಮ್ಮ ಸೀಮೆಯಲ್ಲಿ ಹತ್ತಿ ಬೀಜಕ್ಕಾಗಿ ಹೂವಿಗೆ ಹೂವು ಕೈಯಿಂದಲೇ ಕೂಡಿಸುತ್ತಾರೆ, ಅದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಆ ಕೂಲಿಯ ದಿನಗಳಲ್ಲಿ ಗಟ್ಟು, ಐಜ ಕಡೆಯ ಶಾಲೆಗಳಲ್ಲಿ ಹೆಣ್ಣುಮಕ್ಕಳ ಬೆಂಚು ಖಾಲಿ. ಇವಳ ಪ್ರಾಜೆಕ್ಟು ಅದರ ಮೇಲೆಯೇ ಇತ್ತು. ಊರೂರು ತಿರುಗಿ ತಾಯಂದಿರನ್ನು ಕೇಳಿ ಬರೆದಿದ್ದಳು. ಸೊನ್ನೆ ಬಿದ್ದರೆ ಸೆಮಿಸ್ಟರು ಹೋಗುತ್ತದೆ, ಡಿಗ್ರಿ ನಿಲ್ಲುತ್ತದೆ, ಬಿ.ಎಡ್. ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ರ‍್ಯಾಂಕು ಬಂದದ್ದೂ ನೀರಿಗೆ ಹೋಗುತ್ತದೆ. ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಅತ್ತು ಮುಗಿಸಿಕೊಂಡೇ ಬಂದಿದ್ದಳು.

"ಮೇಡಂ, ನಾನೇ ಬರ್ದೀನ್ರಿ. ಮಷೀನು ಸುಳ್ಳು ಹೇಳ್ತೈತೇನ್ರಿ?"

ಪ್ರಾಜೆಕ್ಟು ತೆಗೆದು ಓದಿದೆ. ಮೊದಲ ಪುಟದಲ್ಲಿಯೇ ಕಾರಣ ಗೊತ್ತಾಯಿತು. ನಮ್ಮ ಕಡೆ ಮಕ್ಕಳು ಇಂಗ್ಲಿಷ್ ಕಲಿಯುವುದು ಬರೆಸಿದ ನೋಟ್ಸಿನಿಂದ. ಹೀಗೆ ಶುರು ಮಾಡಬೇಕು, ಎರಡನೇ ಪ್ಯಾರಾ ಈ ಮಾತಿನಿಂದ, ಕೊನೆಗೆ ಈ ವಾಕ್ಯ, ಇಷ್ಟು ಬಾಯಿಪಾಠ ಮಾಡಿದರೆ ಅಂಕ ಗ್ಯಾರಂಟಿ. ತಲೆಮಾರುಗಳಿಂದ ನಡೆದು ಬಂದದ್ದು. ಪತ್ತೆಯ ಸಾಫ್ಟ್‌ವೇರು ನೋಡುವುದು ಒಂದು ಮಾತಿನ ಮುಂದೆ ಇನ್ನೊಂದು ಮಾತು ಎಷ್ಟು ಸಲೀಸಾಗಿ ಊಹಿಸಲು ಬರುತ್ತದೆ ಎನ್ನುವುದನ್ನು. ಅಚ್ಚು ಹಾಕಿದಂಥ ಇಂಗ್ಲಿಷ್ ಕಂಡರೆ ಮಷೀನಿನದ್ದು ಅನ್ನುತ್ತದೆ. ಅಚ್ಚು ಹಾಕಿಯೇ ಬರೆ ಎಂದು ನಾವೇ ಕಲಿಸಿದ್ದು, ಈಗ ಅದಕ್ಕೇ ಸೊನ್ನೆ. ಹುಡುಗಿಯ ಬದಲು ನಮ್ಮ ಪಠ್ಯಕ್ರಮಕ್ಕೆ ಸೊನ್ನೆ ಹಾಕಬೇಕಿತ್ತು.

ಆ ಸಂಜೆ ಮಕ್ತಲ್ ಬಸ್ಸಿಗೆ ಕಾಯುತ್ತಾ ಇನ್ನೊಂದು ಕೆಲಸ ಮಾಡಿದೆ. ಅಧ್ಯಕ್ಷರ ಕರಡನ್ನೇ ಅದೇ ಸಾಫ್ಟ್‌ವೇರಿಗೆ ಹಾಕಿದೆ. ಪರದೆಯ ಮೇಲೆ ಬಂದ ಅಂಕಿ ನೋಡಿ ಬಸ್‌ಸ್ಟ್ಯಾಂಡಿನಲ್ಲೇ ಜೋರಾಗಿ ನಕ್ಕುಬಿಟ್ಟೆ. ಹುಡುಗಿಯದ್ದಕ್ಕಿಂತ ಎಷ್ಟೋ ಮೇಲಿತ್ತು. ಪಕ್ಕದಲ್ಲಿ ಕಡಲೆಕಾಯಿ ತಿನ್ನುತ್ತಿದ್ದ ಹೆಂಗಸು ನನ್ನನ್ನು ನೋಡಿ ಸ್ವಲ್ಪ ಸರಿದು ಕೂತಳು. ಇದರ ಪ್ರಿಂಟ್ ತೆಗೆಸಿ ಸಭೆಯಲ್ಲಿ ಎಲ್ಲರೆದುರು ಮೂಲೆಯಲ್ಲಿ ಹಿಡಿದು ಎತ್ತುತ್ತೇನೆ, ಯಾವ ಅಂಗಡಿಯಲ್ಲಿ ಕೊಂಡಿರಿ ಸರ್ ಎಂದು ಕೇಳುತ್ತೇನೆ. ದಾರಿಯುದ್ದಕ್ಕೂ ಅದನ್ನೇ ಮನಸ್ಸಿನಲ್ಲಿ ಆಡಿಕೊಂಡೆ. ನೀರು ತುಂಬಿದ ಜೂರಾಲ ಆವತ್ತು ನನ್ನ ಕಣ್ಣಿಗೇ ಬೀಳಲಿಲ್ಲ.

ಮರುದಿನ ಸಂಭ್ರಮ ತಡೆಯಲಾಗದೆ ಅಂಕಿಅಂಶ ಪಾಠ ಮಾಡುವ ಗೆಳತಿಗೆ ತೋರಿಸಿದೆ. ಅವಳೂ ಕಮಿಟಿಯಲ್ಲಿದ್ದಳು. ತೆಲುಗಿನವಳು, ನಮ್ಮ ಕನ್ನಡ ಚೆನ್ನಾಗಿ ಮಾತಾಡುತ್ತಾಳೆ. ಪ್ರಿಂಟ್ ನೋಡಿ ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ.

"ಅಕ್ಕಾ, ಇದನ್ನ ತೋರ್ಸಿದ್ರ ಏನ್ ಹೇಳಿದಂಗ ಆತು? ಮಷೀನು ಹೇಳಿದ್ದು ಖರೇ ಅಂದಂಗ ಆತು. ಅವ್ರ ಮರ್ಯಾದಿ ಹೋಗ್ತೈತಿ, ಹೌದು. ನಿನ್ ಹುಡುಗೀದು?"

"ಆಕೀನೇ ಬರ್ದಾಳ. ಈ ಮನುಷ್ಯ ಬರ್ದಿಲ್ಲ. ಅಷ್ಟೂ ಗೊತ್ತಾಗಂಗಿಲ್ಲೇನು?"

"ನಂಗ ನಿಂಗ ಗೊತ್ತೈತಿ. ಅಂಕಿಗೆ ಗೊತ್ತಿಲ್ಲ." ನನ್ನ ಫೋನ್ ಇಸಿದುಕೊಂಡು ಹುಡುಗಿಯ ಮೊದಲ ಪುಟದ ನಾಲ್ಕಾರು ವಾಕ್ಯ ಹಿಂದೆ ಮುಂದೆ ಮಾಡಿ ಮತ್ತೆ ಹಾಕಿದಳು. ಅಂಕಿ ದಡಕ್ಕನೆ ಇಳಿಯಿತು. "ನೋಡು. ಬರ್ದಾಕಿ ಅದೇ ಹುಡುಗಿ. ಕಳ್ಳರು ಹಿಂಗ ತಿದ್ದಿ ಪಾರಾಗ್ತಾರ, ತಿದ್ದಾಕ ಬರದ ಸಾಚಾ ಹುಡುಗ್ಯಾರು ಸಿಗ್ತಾರ. ಆ ಕಂಪನಿಯವ್ರೇ ಕೆಳಗ ಸಣ್ಣ ಅಕ್ಷರದಾಗ ಬರ್ದಾರ, ಇದೊಂದನ್ನ ನಂಬಿ ಶಿಕ್ಷೆ ಕೊಡಬ್ಯಾಡ್ರಿ ಅಂತ. ಯಾರೂ ಓದಂಗಿಲ್ಲ."

ಅವಳ ಮೇಲೆ ಎಷ್ಟು ಸಿಟ್ಟು ಬಂತು ಎಂದರೆ ಮಧ್ಯಾಹ್ನದ ಡಬ್ಬಿ ಅವಳ ಜೊತೆ ಬಿಚ್ಚಲಿಲ್ಲ. ಸರಿಯಾದ ಮಾತು ಆಡುವವರ ಮೇಲೆ ಬರುವ ಸಿಟ್ಟಿನಷ್ಟು ಕೆಟ್ಟ ಸಿಟ್ಟು ಇನ್ನೊಂದಿಲ್ಲ. ಪ್ರಿಂಟನ್ನು ಹರಿದು ಬುಟ್ಟಿಗೆ ಹಾಕಿದೆ, ಆದರೆ ಮನುಷ್ಯನನ್ನು ಬಿಡಲು ಮನಸ್ಸಾಗಲಿಲ್ಲ. ಅಂಕಿ ಬೇಡ ಎಂದರೆ ಬೇಡ. ಅವರ ಕರಡನ್ನು ಮತ್ತೆ ತೆಗೆದು ಒಂದೊಂದೇ ಸಾಲು ಓದುತ್ತಾ ಕೂತೆ. ಕೊನೆಯಲ್ಲಿ ಆಧಾರ ಎಂದು ಕೊಟ್ಟ ಲೇಖನಗಳನ್ನು ಹುಡುಕಿದೆ. ಒಂದು ಸಿಕ್ಕಿತು. ಉಳಿದವು ಎಲ್ಲೂ ಇರಲಿಲ್ಲ. ಅವುಗಳಲ್ಲಿ ಒಂದರ ಪತ್ರಿಕೆಯ ಹೆಸರು ನಿಜ, ಸಂಚಿಕೆ ನಿಜ, ಆ ಪುಟದಲ್ಲಿ ಮೀನು ಸಾಕಣೆಯ ಮೇಲೆ ಯಾರದೋ ಬರಹ. ಬರೆಯುವ ಮಷೀನು ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನದೆ ಇಲ್ಲದ ಪುಸ್ತಕ, ಇಲ್ಲದ ಲೇಖನ ಹುಟ್ಟಿಸಿ ಕೊಡುವುದುಂಟು. ಓದದೆ ಸಹಿ ಹಾಕಿದವರು ಸಿಕ್ಕಿಬೀಳುವುದು ಅಲ್ಲಿಯೇ.

ಸಭೆ ಪ್ರಿನ್ಸಿಪಾಲರ ಕೋಣೆಯಲ್ಲಿ. ನಾವು ನಾಲ್ಕೇ ಜನ. ಹುಡುಗಿಯನ್ನು ಹೊರಗೆ ಬೆಂಚಿನ ಮೇಲೆ ಕೂಡಿಸಿದ್ದರು. ಅಂಕಪಟ್ಟಿಯನ್ನು ವಿಶ್ವವಿದ್ಯಾಲಯಕ್ಕೆ ಕಳಿಸಲು ಅದೇ ಕೊನೆಯ ದಿನ, ಅಂದು ತಪ್ಪಿದರೆ ಅವಳ ಬಿ.ಎಡ್. ಸೀಟು ತಪ್ಪಿದ ಹಾಗೆಯೇ. ನಾನು ಮೂರು ಮಾತು ಮುಂದಿಟ್ಟೆ. ಯಾವ ಸಹಾಯ ತೆಗೆದುಕೊಳ್ಳಬಹುದು, ಯಾವುದು ಕೂಡದು ಎಂದು ಕೆಲಸ ಕೊಡುವ ಮುಂಚೆಯೇ ಮಕ್ಕಳಿಗೆ ಹೇಳಬೇಕು. ತೆಗೆದುಕೊಂಡ ಸಹಾಯವನ್ನು ಅವರು ಬರೆದು ತಿಳಿಸಬೇಕು. ಅನುಮಾನ ಬಂದರೆ ಅಂಕಿಯ ಮೇಲೆ ಶಿಕ್ಷೆ ಕೂಡದು, ಕೂಡಿಸಿಕೊಂಡು ಮಾತಾಡಿಸಬೇಕು, ಕರಡು ಪ್ರತಿ ನೋಡಬೇಕು, ಅದೂ ಹುಡುಗರಿಗೆ ಮಾತಾಡಲು ಬರುವ ಭಾಷೆಯಲ್ಲಿ.

ಅಧ್ಯಕ್ಷರು ಕನ್ನಡಕ ಒರೆಸುತ್ತಾ ನಕ್ಕರು. ಬಾಯಿಮಾತಿನ ಪರೀಕ್ಷೆಗೆ ಸಮಯ ಎಲ್ಲಿದೆ, ಅದರಿಂದ ಏನು ಗೊತ್ತಾಗುತ್ತದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಗೊತ್ತಾಗ್ತೈತಿ ಸರ್," ಎಂದೆ. ಬೇಕೆಂದೇ ಕನ್ನಡದಲ್ಲಿ ಹೇಳಿದೆ. "ಈಗ್ಲೇ ನೋಡೂಣು. ನಿಮ್ ಕರಡಿನ ಮೇಲೇ ಮಾಡೂಣು. ಮೂರನೇ ಪುಟದಾಗ ಒಂದು ಲೇಖನದ ಆಧಾರ ಕೊಟ್ಟೀರಿ. ಅದ್ರಾಗ ಏನ್ ಬರ್ದಾರ್ರಿ?"

ಪುಟ ತಿರುವಿದರು. ಅದು ಸಾಮಾನ್ಯವಾಗಿ ಮೌಲ್ಯಮಾಪನದ ಬಗ್ಗೆ ಎಂದರು.

"ಯಾವ ಕಾಲೇಜಿನ ಮಕ್ಕಳ ಮ್ಯಾಲ ಮಾಡಿದ್ದು?"

ಮತ್ತೆ ಆ ಪುಟಕ್ಕೇ ತಿರುಗಿ ಬಂದರು.

"ಅರ್ಧಕ್ಕಿಂತ ಹೆಚ್ಚಾದ್ರ ಸೊನ್ನಿ ಅಂದೀರಿ. ಅರ್ಧನೇ ಯಾಕ್ರಿ? ಯಾರು ಹೇಳಿದ್ರು?"

ಕರಡು ಟೈಪ್ ಮಾಡಿದವರು ಏನೋ ಸೇರಿಸಿರಬೇಕು ಎಂದು ತೆಲುಗಿನಲ್ಲಿ ಪ್ರಿನ್ಸಿಪಾಲರಿಗೆ ಹೇಳಿದರು. ಪ್ರಿನ್ಸಿಪಾಲರು ಫ್ಯಾನಿನ ಕಡೆ ನೋಡಿದರು. ಆ ಲೇಖನ ಎಲ್ಲಿಯೂ ಇಲ್ಲ, ಆ ಪುಟದಲ್ಲಿ ಮೀನು ಸಾಕಣೆ ಇದೆ ಎಂದು ಫೋನಿನಲ್ಲಿ ಅದನ್ನು ತೆಗೆದು ಮೇಜಿನ ನಡುವೆ ಇಟ್ಟೆ. ಅವರು ಬಾಯಿ ತೆರೆದರು, ಮುಚ್ಚಿದರು. ನೀರಿನ ಲೋಟಕ್ಕೆ ಕೈ ಹಾಕಿದರೆ ಅದು ಖಾಲಿ. ನಾನು ಮತ್ತೊಂದು ಪ್ರಶ್ನೆ ಕೇಳಿದೆ, ಅದರ ಮೇಲೆ ಮತ್ತೊಂದು. ಗೆಳತಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ನಿಲ್ಲಿಸಲಿಲ್ಲ. ಎಷ್ಟು ಹಿತವಾಗಿತ್ತು ಎಂದರೆ ಇವತ್ತಿಗೂ ಬೇಸರವಾದಾಗ ಅದನ್ನು ನೆನೆಸಿಕೊಂಡು ಚಹಾ ಕುಡಿಯುತ್ತೇನೆ.

ಆಮೇಲೆ ಹುಡುಗಿಯನ್ನು ಕರೆದರು. ಅಧ್ಯಕ್ಷರಿಗೆ ಸೋತ ಉರಿ, ಮೊದಲ ಪ್ರಶ್ನೆ ಇಂಗ್ಲಿಷಿನಲ್ಲಿ ಎಸೆದರು. ಹುಡುಗಿ ನಿಂತಲ್ಲಿಯೇ ಕಲ್ಲಾದಳು. ಆ ಮುಖ ನನಗೆ ಚೆನ್ನಾಗಿ ಗೊತ್ತು.

"ಕೂಡವ್ವಾ," ಎಂದೆ. "ಮನಿ ಮಾತಿನಾಗ ಹೇಳು. ಐಜದ ಶಾಲಿ ಹಾಜರಿ ತಗೊಂಡಿದ್ದಿ, ಕೊನೀಗೆ ಅದನ್ನ ಯಾಕ ಬಿಟ್ಟಿ?"

"ಅದು ಖರೇ ಇರ್ಲಿಲ್ರಿ ಮೇಡಂ. ಹುಡುಗ್ಯಾರು ಹೊಲದಾಗಿದ್ರೂ ಹಾಜರಿ ಹಾಕ್ತಿದ್ರು, ಬಿಸಿಯೂಟದ ಲೆಕ್ಕ ತಪ್ಪಬಾರ್ದು ಅಂತ. ಅದಕ್ಕ ತಾಯಂದ್ರನ್ನ ಕೇಳಿದ್ನಿ. ಅವ್ರೂ ಮೊದ್ಲು ಸುಳ್ಳೇ ಹೇಳಿದ್ರು. ನಾನೂ ಕ್ರಾಸಿಂಗಿಗೆ ಹೋಗ್ತಿದ್ನಿ ಅಂದ ಮ್ಯಾಲ ಬಾಯಿ ಬಿಟ್ರು."

ಗೆಳತಿ ಒಂದೆರಡು ಕಠಿಣ ಪ್ರಶ್ನೆಯನ್ನೇ ಕೇಳಿದಳು. ಹಾಗೆ ಬಾಯಿ ಬಿಟ್ಟವರ ಮಾತು ಮಾತ್ರ ತೆಗೆದುಕೊಂಡರೆ ಲೆಕ್ಕ ಒಂದೇ ಕಡೆ ವಾಲುವುದಿಲ್ಲವೇ ಎಂದಳು. ಹುಡುಗಿ ಯೋಚಿಸಿ, ವಾಲುತ್ತದೆ, ಅದನ್ನು ಬರೆಯುವುದು ನನಗೆ ಹೊಳೆಯಲಿಲ್ಲ ಎಂದಳು. ಯಾವ ಮಷೀನೂ ಕೊಡದ ಉತ್ತರ ಅದು ಎಂದು ನನಗೆ ಅನಿಸಿತು. ಕೇಳದಿದ್ದರೂ ಇನ್ನೊಂದನ್ನು ಹೇಳಿದಳು. ಕೆಲವು ವಾಕ್ಯ ಮೊದಲು ಕನ್ನಡದಲ್ಲಿ ಬರೆದು ಫೋನಿನಲ್ಲಿ ಇಂಗ್ಲಿಷ್ ಮಾಡಿಸಿದ್ದಳು, ಅಕ್ಷರದ ತಪ್ಪು ತಿದ್ದಿಸಿದ್ದಳು. ಆ ಕನ್ನಡದ ಹಾಳೆಗಳು ಚೀಲದಲ್ಲೇ ಇದ್ದವು, ತೆಗೆದು ಇಟ್ಟಳು.

ಅಧ್ಯಕ್ಷರು ಕುರ್ಚಿಯಿಂದ ಮುಂದೆ ಬಾಗಿದರು. ನೋಡಿದಿರಾ, ಒಪ್ಪಿಕೊಂಡಳು ಎಂದರು.

"ಕೂಡದು ಅಂತ ನಾವು ಯಾವಾಗ ಹೇಳಿದ್ವಿ ಸರ್?" ಗೆಳತಿ ಕೇಳಿದಳು. "ನಿಯಮ ಇವತ್ತು ಬರ್ಯಾಕ ಕೂತೀವಿ. ನಿನ್ನಿ ಕೆಲ್ಸಕ್ಕ ಹೆಂಗ ಹಾಕ್ತೀರಿ?"

ಪ್ರಿನ್ಸಿಪಾಲರು ಮೊದಲ ಸಲ ಬಾಯಿ ತೆರೆದು, ಹೌದಲ್ಲ ಎಂದರು. ಹುಡುಗಿಯನ್ನು ಮತ್ತೆ ಹೊರಗೆ ಕೂಡಿಸಿದರು. ನನ್ನ ನೀತಿ ಒಪ್ಪಿಗೆಯಾಯಿತು. ಹುಡುಗಿಯ ಅಂಕ ಕಳಿಸಲು ಅಧ್ಯಕ್ಷರ ಸಹಿ ಒಂದು ಬಾಕಿ.

ಅವರು ಪೆನ್ನು ತೆಗೆಯಲಿಲ್ಲ. ಸಭೆಯ ಮಿನಿಟ್ಸ್‌ನಲ್ಲಿ ಏನು ಬರೆಯುತ್ತೀರಿ ಎಂದು ಕೇಳಿದರು. ನಡೆದದ್ದನ್ನೆಲ್ಲ ಎಂದೆ. ಕರಡಿನ ಆಧಾರಗಳು ಸುಳ್ಳು, ಕೊಟ್ಟವರಿಗೆ ಅದರ ಬಗ್ಗೆ ಹೇಳಲಾಗಲಿಲ್ಲ, ಎಲ್ಲ. ಹಾಗಾದರೆ ಈ ಹುಡುಗಿಯ ವಿಷಯ ಇನ್ನೊಂದು ಸಭೆಗೆ ಇಟ್ಟುಕೊಳ್ಳೋಣ, ನನಗೆ ಇನ್ನೂ ಅನುಮಾನ ಇದೆ ಎಂದು ನಿಧಾನವಾಗಿ ಪೆನ್ನಿನ ಟೋಪಿ ಹಾಕಿದರು. ಇನ್ನೊಂದು ಸಭೆ ಎಂದರೆ ಮುಂದಿನ ವಾರ. ಅವರಿಗೂ ಅದು ಗೊತ್ತಿತ್ತು.

ನಾನು ಪ್ರಿನ್ಸಿಪಾಲರನ್ನು ನೋಡಿದೆ. ದೊಡ್ಡವರು, ಕಾಲೇಜಿನ ಹೆಸರು ಎಂದು ಏನೇನೋ ಗೊಣಗಿದರು. ನನಗೆ ಬೇಕಾಗಿದ್ದದ್ದು ಅದೊಂದೇ, ಅವರ ಕಳ್ಳತನ ಕಾಗದದ ಮೇಲೆ ಬರಬೇಕು, ಕಾಲೇಜಿನ ಮೊಹರು ಬೀಳಬೇಕು, ಅವರು ಮುಂದೆ ಹೋಗುವ ಯಾವ ಕಮಿಟಿಗೂ ಅದು ಅವರಿಗಿಂತ ಮುಂಚೆ ಹೋಗಿ ಮುಟ್ಟಬೇಕು. ಮನಸ್ಸಿನ ಒಂದು ಮೂಲೆ, ಹುಡುಗಿ ಮುಂದಿನ ವರ್ಷ ಸೇರಲಿ ಬಿಡು ಎಂದೂ ಹೇಳಿತು. ಅಷ್ಟು ಕೆಟ್ಟವಳು ನಾನು.

"ಬರ್ಯಂಗಿಲ್ಲ. ಸಹಿ ಮಾಡ್ರಿ," ಎಂದೆ.

ಮಾಡಿದರು. ಕರಡಿನ ಮೇಲೆ ಚರ್ಚೆಯಾಯಿತು, ಅಧ್ಯಕ್ಷರ ಮಾರ್ಗದರ್ಶನದಲ್ಲಿ ಹೊಸ ನೀತಿಯನ್ನು ಅಂಗೀಕರಿಸಲಾಯಿತು ಎಂದು ಮಿನಿಟ್ಸ್‌ನಲ್ಲಿ ಬಂತು. ಮಾರ್ಗದರ್ಶನ! ಅದನ್ನು ನನ್ನ ಕೈಯಿಂದಲೇ ಬರೆಸಿದರು.

ಹೊರಗೆ ಬಂದಾಗ ಪ್ರಿನ್ಸಿಪಾಲರು ಹುಡುಗಿಗೆ ವಿಷಯ ಹೇಳಿದರು, ಸರ್ ದೊಡ್ಡ ಮನಸ್ಸು ಮಾಡಿದರು ಎಂದರು. ಹುಡುಗಿ ನನ್ನ ಕಡೆ ಒಮ್ಮೆ ನೋಡಿ ನಕ್ಕಳು, ಓಡಿ ಹೋಗಿ ಆ ಮನುಷ್ಯನ ಕಾಲಿಗೆ ಬಿದ್ದಳು. ಅವರು ಅವಳ ತಲೆಯ ಮೇಲೆ ಕೈ ಇಟ್ಟರು. ಎಂದೂ ನಮ್ಮೆದುರು ಕನ್ನಡ ಆಡದ ಬಾಯಿಂದ, "ಛಲೋ ಆಗ್ಲಿ ತಂಗಿ, ಓದಿ ಮುಂದ ಬಾ" ಎಂದರು. ನನ್ನ ಹಲ್ಲು ಕಚ್ಚಿಕೊಂಡ ಸದ್ದು ನನಗೇ ಕೇಳಿಸಿತು.

ಹುಡುಗಿಗೆ ಬಿ.ಎಡ್. ಸೀಟು ಸಿಕ್ಕಿತು. ಸರ್ ಬಹಳ ಒಳ್ಳೆಯವರು ಎಂದು ಇವತ್ತಿಗೂ ಫೋನಿನಲ್ಲಿ ಹೇಳುತ್ತಾಳೆ, ನಾನು ಹೂಂ ಅನ್ನುತ್ತೇನೆ. ಮಿನಿಟ್ಸ್‌ನಲ್ಲಿ ಬರೆಯುವುದಿಲ್ಲ ಎಂದು ನಾನು ಮಾತು ಕೊಟ್ಟಿದ್ದೆ, ಅದನ್ನು ಉಳಿಸಿಕೊಂಡಿದ್ದೇನೆ. ಇನ್ನೆಲ್ಲಿಯೂ ಬರೆಯುವುದಿಲ್ಲ ಎಂದು ಯಾರಿಗೂ ಮಾತು ಕೊಟ್ಟಿರಲಿಲ್ಲ. ಇಲ್ಲಿ ಹೆಸರು ಹಾಕಿಲ್ಲ. ಓದಿದರೆ ಅವರಿಗೆ ಗೊತ್ತಾಗುತ್ತದೆ, ಮತ್ತು ಇದನ್ನು ಬರೆದವಳು ನಾನೇ ಎನ್ನುವುದರಲ್ಲಿ ಈ ಸಲ ಅವರು ಅನುಮಾನ ಪಡಲಾರರು.